ಕಪ್ ಮಗುಚಿ ಫೋಟೊ ತೆಗೆಯಿರಿ

ತೊಗರ್ಸಿಯಿಂದ ಓದುಗರೊಬ್ಬರು ಮೂರು ಕಪ್‌ಗಳ ಫೋಟೊ ಕಳಿಸಿದ್ದಾರೆ. ಅಜ್ಜನ ಕಾಲದ ನೀಲಿ ಹೂವಿನ ಕಪ್ ಒಂದು, ಶಿರಾಳಕೊಪ್ಪದ ಸಂತೆಯಲ್ಲಿ ಕೊಂಡ ಕಂದು ಬಣ್ಣದ ದಪ್ಪ ಮಗ್ ಒಂದು, ಮದುವೆಗೆ ಉಡುಗೊರೆ ಬಂದ ತೆಳುವಾದ ಬಿಳಿ ಕಪ್ ಒಂದು. ಮನೆಯಲ್ಲಿ ಮೂರಕ್ಕೂ ಪಿಂಗಾಣಿ ಎಂದೇ ಹೆಸರು. ‘ಅಜ್ಜನ ಕಪ್ಪೇ ಅಸಲಿ, ಉಳಿದವು ಈಗಿನವು ಅಂತ ನಮ್ಮತ್ತೆ ಹೇಳ್ತಾರೆ. ಫೋಟೊ ನೋಡಿ ಹೇಳೋಕಾಗುತ್ತಾ ಸರ್?’ ಎಂದು ಕೇಳಿದ್ದಾರೆ.

ಹೇಳಬಹುದು. ಆದರೆ ಅವರು ಕಳಿಸಿದ ಫೋಟೊಗಳಿಂದ ಆಗುವುದಿಲ್ಲ. ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ಎದುರಿನಿಂದ ತೆಗೆದಿದ್ದಾರೆ. ಎದುರಿನಿಂದ ಕಾಣುವುದು ಗ್ಲೇಜು, ಅಂದರೆ ಮಣ್ಣಿನ ಮೇಲೆ ಕರಗಿ ಕೂತಿರುವ ತೆಳು ಗಾಜಿನ ಪದರ. ಕೆಂಪು ಮಣ್ಣಿನ ಮೇಲೂ ಹಾಲಿನಂಥ ಬಿಳಿ ಗ್ಲೇಜು ಹಾಕಬಹುದು, ಅಪ್ಪಟ ಬಿಳಿ ಪೋರ್ಸಲಿನ್ ಮೇಲೂ ಕಡು ಕಂದು ಗ್ಲೇಜು ಹಾಕಬಹುದು. ಒಳಗಿನ ಒಡಲು ಯಾವುದೆಂದು ತಿಳಿಯಬೇಕಾದರೆ ಗ್ಲೇಜು ಇಲ್ಲದ ಜಾಗ ನೋಡಬೇಕು. ಕಪ್ಪಿನಲ್ಲಿ ಅಂಥ ಜಾಗ ಎರಡೇ: ಒಂದು ತಳ, ಇನ್ನೊಂದು ಮುಕ್ಕಾದ ಅಂಚು. ಗ್ಲೇಜು ಎಲ್ಲಿ ಮುಗಿಯುತ್ತದೋ ಆ ಗೆರೆಯೂ ಸ್ವಲ್ಪ ಹೇಳುತ್ತದೆ.

ಹಾಗಾಗಿ ಅವರಿಗೆ ಮತ್ತೆ ಫೋಟೊ ಕಳಿಸಲು ಬರೆದೆ. ಕಪ್‌ಗಳನ್ನು ಚೆನ್ನಾಗಿ ತೊಳೆದು, ಒರೆಸಿ, ಒಂದು ಹಗಲು ಒಣಗಲು ಬಿಡಿ. ಮಗುಚಿ ಇಟ್ಟು ತಳದ್ದೊಂದು, ಮುಕ್ಕಿದ್ದರೆ ಅದರದ್ದೊಂದು ತೆಗೆಯಿರಿ ಎಂದೆ. ಜೊತೆಗೆ ಇನ್ನೊಂದು ಮಾತು ಸೇರಿಸಿದೆ. ಪ್ರತಿ ಫೋಟೊದಲ್ಲೂ ಕಪ್ಪಿನ ಪಕ್ಕ ಮೂರು ಸಾಮಾನು ಇಡಿ: ಒಡೆದ ಮಂಗಳೂರು ಹೆಂಚಿನ ಒಂದು ಚೂರು, ಹಳೆಯ ಉಪ್ಪಿನಕಾಯಿ ಜಾಡಿಯ ಒಂದು ಚೂರು, ಮುರಿದ ಬಿಳಿ ಫ್ಯೂಸ್ ಕಟೌಟಿನ ಒಂದು ಚೂರು. ನಮ್ಮ ಕಡೆಯ ಹಂಚಿನ ಮನೆಗಳ ಹಿತ್ತಲಲ್ಲಿ ಮೊದಲ ಎರಡು ಸಿಗುವುದು ಕಷ್ಟವಲ್ಲ. ಮೂರನೆಯದನ್ನು ಯಾವ ವೈರಿಂಗ್ ಕೆಲಸದವರನ್ನು ಕೇಳಿದರೂ ಕೊಡುತ್ತಾರೆ.

ಈ ಮೂರು ಚೂರುಗಳನ್ನು ಸುಮ್ಮನೆ ಆರಿಸಿದ್ದಲ್ಲ. ಹೆಂಚು ಅರ್ದನ್‌ವೇರ್ ಜಾತಿಯದು, ಅಂದರೆ ಬೆಂದಿದ್ದರೂ ನೀರು ಕುಡಿಯುವ ಮಣ್ಣು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಮಲೆನಾಡಿನ ಸೂರುಗಳಿಗೆಲ್ಲ ಹಬ್ಬಿದ್ದು ಇದೇ. ಉಪ್ಪಿನಕಾಯಿ ಜಾಡಿ ಸ್ಟೋನ್‌ವೇರ್. ಫ್ಯೂಸ್ ಕಟೌಟು, ಕರೆಂಟು ಕಂಬದ ಮೇಲಿನ ಇನ್ಸುಲೇಟರು ಇವೆಲ್ಲ ಪೋರ್ಸಲಿನ್. ಬೆಂಗಳೂರಿನ ಮಲ್ಲೇಶ್ವರದ ಕಡೆ ಮೈಸೂರು ಸರ್ಕಾರದ ಪಿಂಗಾಣಿ ಕಾರ್ಖಾನೆ ಇತ್ತು. ಮುಂದೆ ಅದು ಬಿಎಚ್‌ಇಎಲ್ ಕೈಗೆ ಬಂತು. ಅಲ್ಲಿ ತಯಾರಾದದ್ದು ಮುಖ್ಯವಾಗಿ ಇಂಥ ವಿದ್ಯುತ್ ಸಾಮಾನು. ಕಂಬದ ಇನ್ಸುಲೇಟರು ಹೊರಗೆ ಕಾಫಿಪುಡಿ ಬಣ್ಣ, ಒಡೆದರೆ ಒಳಗೆ ಬಿಳಿ. ಗ್ಲೇಜಿನ ಬಣ್ಣ ನಂಬಿ ಒಡಲನ್ನು ಊಹಿಸಬಾರದು ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಚೂರುಗಳನ್ನು ಪಕ್ಕದಲ್ಲಿ ಇಡಿ ಎಂದದ್ದಕ್ಕೆ ಫೋನಿನ ಕ್ಯಾಮೆರಾ ಕಾರಣ. ಹಳದಿ ಬಲ್ಬಿನ ಕೆಳಗೆ ತೆಗೆದರೆ ಅಪ್ಪಟ ಬಿಳಿಯೂ ಕೆನೆಬಣ್ಣವಾಗುತ್ತದೆ. ಕಪ್ಪು ಬಟ್ಟೆಯ ಮೇಲಿಟ್ಟು ತೆಗೆದರೆ ಫೋನು ಬೆಳಕು ಹೆಚ್ಚಿಸಿಕೊಂಡು, ಕೆನೆಬಣ್ಣದ ಮಣ್ಣನ್ನೇ ಬಿಳಿಯಾಗಿ ತೋರಿಸುತ್ತದೆ. ಫ್ಯೂಸಿನ ಚೂರು ಅದೇ ಫೋಟೊದಲ್ಲಿದ್ದರೆ ಮೋಸ ಎರಡಕ್ಕೂ ಒಂದೇ ಸಮ ಆಗುತ್ತದೆ, ಹೋಲಿಕೆ ಮಾತ್ರ ಕೆಡುವುದಿಲ್ಲ. ಕಿಟಕಿಯ ಪಕ್ಕ, ಬಿಸಿಲು ನೇರ ಬೀಳದ ಜಾಗದಲ್ಲಿ, ಬೆಳಕು ಒಂದು ಬದಿಯಿಂದ ಓರೆಯಾಗಿ ಬರುವಂತೆ ಇಡಬೇಕು. ಓರೆ ಬೆಳಕಿದ್ದರೇ ಮುಕ್ಕಿನ ತರಿ ಎದ್ದು ಕಾಣುವುದು. ಫ್ಲ್ಯಾಶ್ ಹಾಕಿದರೆ ಗ್ಲೇಜು ಹೊಳೆದು ಬೇಕಾದ ಗೆರೆಯೇ ಮುಚ್ಚಿಹೋಗುತ್ತದೆ. ಫೋನನ್ನು ತೀರ ಹತ್ತಿರ ಹಿಡಿದರೆ ಫೋಕಸ್ ಕೂರುವುದಿಲ್ಲ. ಗೇಣು ದೂರದಿಂದ ತೆಗೆದು ಆಮೇಲೆ ದೊಡ್ಡದು ಮಾಡಿ ನೋಡುವುದು ಮೇಲು.

ಈಗ ತಳದ ವಿಚಾರ. ಮೂರು ಜಾತಿಗಳ ನಡುವಿನ ವ್ಯತ್ಯಾಸಕ್ಕೆ ಮೂಲ ಮಣ್ಣು ಮತ್ತು ಬೆಂಕಿ. ಅರ್ದನ್‌ವೇರ್ ಸಾಮಾನ್ಯವಾಗಿ 1000ರಿಂದ 1150 ಡಿಗ್ರಿ ಸೆಲ್ಸಿಯಸ್‌ವರೆಗೆ ಬೇಯುತ್ತದೆ. ನಮ್ಮ ಕುಂಬಾರರ ಆವಿಗೆಯ ಶಾಖ ಅದಕ್ಕಿಂತಲೂ ಕಡಿಮೆ. ಈ ಶಾಖದಲ್ಲಿ ಮಣ್ಣಿನ ಕಣಗಳು ಒಂದಕ್ಕೊಂದು ಅಂಟುತ್ತವೆ, ನಡುವಿನ ಸಂದುಗಳು ಹಾಗೇ ಉಳಿಯುತ್ತವೆ. ಸ್ಟೋನ್‌ವೇರಿಗೆ 1200ರಿಂದ 1300 ಡಿಗ್ರಿ ಬೇಕು. ಅಷ್ಟು ಶಾಖದಲ್ಲಿ ಮಣ್ಣಿನ ಒಂದು ಪಾಲು ಕರಗಿ ಗಾಜಾಗಿ ಸಂದು ತುಂಬುತ್ತದೆ. ಪೋರ್ಸಲಿನ್ನಿಗೆ ಬೇಕಾದ್ದು ಕೆಯೋಲಿನ್ ಎಂಬ ಬಿಳಿ ಜೇಡಿ, ಜೊತೆಗೆ ಫೆಲ್ಡ್‌ಸ್ಪಾರ್ ಮತ್ತು ಬೆಣಚುಕಲ್ಲಿನ ಪುಡಿ. ಅದು ಹೆಚ್ಚು ಕಡಿಮೆ 1300ರ ಆಸುಪಾಸು, ಕೆಲವು ಬಗೆ 1400ರ ತನಕ, ಬೆಂದು ಒಡಲೆಲ್ಲ ಗಾಜುಗಟ್ಟುತ್ತದೆ.

ಭಟ್ಟಿಯಲ್ಲಿ ಗ್ಲೇಜು ಕರಗಿದಾಗ ಅದು ಅಂಟು. ತಳಕ್ಕೂ ಗ್ಲೇಜು ಬಳಿದು ಹಲಗೆಯ ಮೇಲೆ ಕೂರಿಸಿದರೆ ಕಪ್ಪು ಹಲಗೆಗೇ ಕಚ್ಚಿಕೊಳ್ಳುತ್ತದೆ. ಅದಕ್ಕೆ ಎರಡು ಉಪಾಯಗಳಿವೆ. ಒಂದು, ಕಪ್ಪು ಕೂರುವ ತಳದ ಉಂಗುರದಿಂದ ಗ್ಲೇಜನ್ನು ಒರೆಸಿ ತೆಗೆಯುವುದು. ಇನ್ನೊಂದು, ತಳಕ್ಕೆಲ್ಲ ಗ್ಲೇಜು ಬಳಿದು, ಮೊನೆಯಿರುವ ಮೂರು ಕಾಲಿನ ಒಂದು ಸಣ್ಣ ಆಸರೆಯ ಮೇಲೆ ಕಪ್ಪನ್ನು ಎತ್ತಿ ನಿಲ್ಲಿಸುವುದು. ಎರಡನೆಯದು ಅರ್ದನ್‌ವೇರಿಗೆ ಹೇಳಿ ಮಾಡಿಸಿದ ಉಪಾಯ. ಅದರ ತಳ ಬರಿದಾಗಿದ್ದರೆ ನೀರು ಕುಡಿಯುತ್ತದೆ, ಆದ್ದರಿಂದ ಮುಚ್ಚುವುದು ಒಳ್ಳೆಯದು. ಕಡಿಮೆ ಶಾಖದಲ್ಲಿ ಒಡಲು ಮೆತ್ತಗಾಗದ ಕಾರಣ ಮೊನೆಗಳ ಮೇಲೆ ನಿಂತರೂ ಸೊಟ್ಟಗಾಗುವುದಿಲ್ಲ. ಸ್ಟೋನ್‌ವೇರ್, ಪೋರ್ಸಲಿನ್‌ಗಳನ್ನು ಹಾಗೆ ನಿಲ್ಲಿಸಿದರೆ ದೊಡ್ಡ ಶಾಖಕ್ಕೆ ಒಡಲು ಮಿದುವಾಗಿ ಮೊನೆಗಳ ನಡುವೆ ಜೋತುಬೀಳುತ್ತದೆ. ಅವುಗಳಿಗೆ ಬರಿ ಉಂಗುರವೇ ಗತಿ.

ಹೀಗಾಗಿ ತಳದ ಫೋಟೊದಲ್ಲಿ ಮೊದಲು ಹುಡುಕಬೇಕಾದ್ದು ಉಂಗುರ ಬರಿದೋ, ಮುಚ್ಚಿದೆಯೋ ಎಂದು. ಉಂಗುರದ ಮೇಲೂ ಗ್ಲೇಜಿದ್ದು, ತಳದಲ್ಲಿ ತ್ರಿಕೋನದ ಮೂರು ಮೂಲೆಗಳಂತೆ ಸಾಸಿವೆಗಿಂತ ಚಿಕ್ಕ ಮೂರು ಗಾಯಗಳಿದ್ದರೆ ಅರ್ದನ್‌ವೇರ್ ಇರುವ ಸಂಭವವೇ ಹೆಚ್ಚು. ಜಪಾನಿನ ಹಳೆಯ ಪೋರ್ಸಲಿನ್ ತಟ್ಟೆಗಳ ಅಡಿಯಲ್ಲೂ ಇಂಥ ಗಾಯಗಳು ಇರುತ್ತವೆ, ಆದರೆ ಅವುಗಳ ಉಂಗುರ ಮಾತ್ರ ಬರಿದು. ಉಂಗುರ ಬರಿದಾಗಿದ್ದರೆ ಅಷ್ಟಕ್ಕೇ ತೀರ್ಮಾನ ಮಾಡುವಂತಿಲ್ಲ, ಅಗ್ಗದ ಅರ್ದನ್‌ವೇರನ್ನೂ ಹಾಗೇ ಬಿಡುತ್ತಾರೆ. ಆಗ ಬರಿ ಒಡಲಿನ ಬಣ್ಣ, ನಯ ನೋಡಬೇಕು. ಪೋರ್ಸಲಿನ್ನಿನ ಉಂಗುರ ಬಿಳಿ, ಬಲು ನಯ. ಕೆಲವೊಮ್ಮೆ ಭಟ್ಟಿಯ ಮರಳು ಅಲ್ಲಲ್ಲಿ ಕಚ್ಚಿರುತ್ತದೆ. ಸ್ಟೋನ್‌ವೇರಿನದು ಬೂದಿ, ಕೆನೆ ಅಥವಾ ಕಂದು, ಮುಟ್ಟಿದರೆ ತರಿತರಿ; ಗ್ಲೇಜು ಮುಗಿಯುವ ಅಂಚಿಗೆ ಕಿತ್ತಳೆ ಬಣ್ಣದ ಒಂದು ತೆಳು ಗೆರೆ ಹಲವು ಸಲ ಕಾಣುತ್ತದೆ. ಅರ್ದನ್‌ವೇರಿನದು ಸೀಮೆಸುಣ್ಣದ ಮೈ, ಹಳೆಯದಾದರೆ ಚಹಾ, ಎಣ್ಣೆ, ತೊಳೆದ ನೀರು ಎಲ್ಲ ಕುಡಿದು ಕಲೆಗಟ್ಟಿದ್ದು.

ತಳದಲ್ಲಿ ಮುದ್ರೆ ಇದ್ದರೆ ಅದನ್ನೇ ಪ್ರಮಾಣ ಎಂದುಕೊಳ್ಳುವವರು ಬಹಳ. ಮುದ್ರೆ ಕಾರ್ಖಾನೆಯ ಹೆಸರು ಹೇಳುತ್ತದೆ, ಒಡಲಿನ ಜಾತಿಯನ್ನು ಹೇಳಿಯೇ ಹೇಳುತ್ತದೆ ಎಂದೇನಿಲ್ಲ. ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಜೇಮ್ಸ್ ಮೇಸನ್ 1813ರಲ್ಲಿ ಪೇಟೆಂಟ್ ಪಡೆದ ‘ಐರನ್‌ಸ್ಟೋನ್ ಚೈನಾ’ದ ಹೆಸರಿನಲ್ಲಿ ಕಬ್ಬಿಣ, ಕಲ್ಲು, ಚೈನಾ ಮೂರೂ ಇವೆ, ಆದರೆ ವಸ್ತು ಪೋರ್ಸಲಿನ್ ಅಲ್ಲ. ಮುದ್ರೆಯನ್ನು ಓದಿ, ಗುರುತು ಹಾಕಿಕೊಂಡು, ಉಂಗುರದ ಕಡೆ ಹೋಗಿ.

ಗ್ಲೇಜಿನ ಬಗ್ಗೆ ಎಲ್ಲರೂ ಕೇಳುವುದು ಬಲೆಯಂಥ ಸಣ್ಣ ಬಿರುಕುಗಳ ವಿಚಾರ. ತಣಿಯುವಾಗ ಗ್ಲೇಜು ಒಡಲಿಗಿಂತ ಹೆಚ್ಚು ಕುಗ್ಗಿದರೆ ಬಿಗಿದು ಸೀಳುತ್ತದೆ. ಅರ್ದನ್‌ವೇರಿಗೆ ಇನ್ನೊಂದು ಕಾಟವಿದೆ: ಒಡಲು ವರ್ಷಗಟ್ಟಲೆ ತೇವ ಹೀರಿ ಕೂದಲೆಳೆಯಷ್ಟು ಹಿಗ್ಗುತ್ತದೆ, ಮೇಲಿನ ಗಾಜು ಹಿಗ್ಗಲಾರದೆ ಬಿರಿಯುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಇದು ಇನ್ನಷ್ಟು ಬೇಗ. ಆದರೆ ಬಿರುಕಿನ ಬಲೆ ಕಂಡ ಕೂಡಲೇ ಅರ್ದನ್‌ವೇರ್ ಎನ್ನಬಾರದು. ಚೆಂದಕ್ಕೆಂದೇ ಬಿರುಕು ಬರಿಸಿದ ಸ್ಟೋನ್‌ವೇರ್, ಪೋರ್ಸಲಿನ್‌ಗಳೂ ಇವೆ. ಗಮನಿಸಬೇಕಾದ್ದು ಬಿರುಕಿನ ಸುತ್ತಲಿನ ಬಣ್ಣವನ್ನು. ಕಂದು ಗೆರೆ ಗೆರೆಯಾಗಿಯೇ ನಿಂತಿದ್ದರೆ ಕಲೆ ಬಿರುಕಿನೊಳಗೆ ಮಾತ್ರ ಇದೆ. ಗೆರೆಯ ಎರಡೂ ಬದಿಗೆ ಗ್ಲೇಜಿನ ಅಡಿಯಲ್ಲಿ ಮಬ್ಬು ಕಂದು ಹರಡಿದ್ದರೆ ಚಹಾ ಬಿರುಕು ದಾಟಿ ಒಡಲಿಗೆ ಇಳಿದಿದೆ ಎಂದರ್ಥ. ಹಾಗೆ ಕುಡಿಯುವುದು ಅರ್ದನ್‌ವೇರ್.

ಉಳಿದದ್ದು ಮುಕ್ಕು. ನನ್ನ ಲೆಕ್ಕದಲ್ಲಿ ಒಂದೇ ಫೋಟೊ ನೋಡಲು ಅವಕಾಶವಿದ್ದರೆ ಮುಕ್ಕಿನದನ್ನೇ ಕೇಳಬೇಕು. ಮುಕ್ಕಾದ ಕಪ್ಪು ಮನೆಯಲ್ಲಿ ಇರಬಾರದೆಂದು ಎಸೆಯುವವರಿದ್ದಾರೆ, ಮುಕ್ಕಾದ ಜಾಗ ಕಾಣದ ಹಾಗೆ ತಿರುಗಿಸಿ ಫೋಟೊ ತೆಗೆಯುವವರೂ ಇದ್ದಾರೆ. ಗುರುತು ಹಿಡಿಯುವವನಿಗೆ ಮಾತ್ರ ಅದು ಕಪ್ಪಿನ ಒಳಗನ್ನೇ ತೆರೆದು ತೋರಿಸುವ ಜಾಗ. ಹಂಪಿಯ ಅಗೆತಗಳಲ್ಲಿ ಸಿಕ್ಕ ಚೀನಾದ ಪೋರ್ಸಲಿನ್ ಚೂರುಗಳನ್ನು ಊರಿನ ಮಡಕೆ ಚೂರುಗಳ ರಾಶಿಯಿಂದ ಬೇರೆ ಮಾಡುವುದೂ ಈ ಒಡೆದ ಅಂಚನ್ನು ನೋಡಿಯೇ.

ಪೋರ್ಸಲಿನ್ ಮುರಿದ ಮೈ ಕಪ್ಪೆಚಿಪ್ಪಿನ ಒಳಮೈಯಂತೆ ಬಾಗಿ, ನಯವಾಗಿ, ಮಂದವಾಗಿ ಹೊಳೆಯುತ್ತದೆ. ಗ್ಲೇಜು ಎಲ್ಲಿ ಮುಗಿಯಿತು, ಒಡಲು ಎಲ್ಲಿ ಶುರುವಾಯಿತು ಎಂದು ದೊಡ್ಡದು ಮಾಡಿ ನೋಡಿದರೂ ಸುಲಭಕ್ಕೆ ಗೊತ್ತಾಗದು, ಏಕೆಂದರೆ ಎರಡೂ ಗಾಜುಗಟ್ಟಿ ಒಂದಾಗಿವೆ. ಅಂಚು ಕೈ ಕೊಯ್ಯುವಷ್ಟು ಚೂಪು. ಸ್ಟೋನ್‌ವೇರಿನ ಮುಕ್ಕು ಹೊಳೆಯುವುದಿಲ್ಲ. ಒಡೆದ ಕಲ್ಲಿನ ಹಾಗೆ ಬಿಗಿಯಾಗಿ, ಸಣ್ಣ ಹರಳು, ಕಪ್ಪು ಚುಕ್ಕೆ, ಸೂಜಿಮೊನೆಯಷ್ಟರ ತೂತುಗಳೊಂದಿಗೆ ಕಾಣುತ್ತದೆ. ಗ್ಲೇಜಿನ ಪದರ ಬೇರೆ ಕಾಣುತ್ತದೆ, ಆದರೆ ಗಡಿ ಕಲಸಿದಂತಿರುತ್ತದೆ. ಕಾದ ಗ್ಲೇಜು ಒಡಲನ್ನು ಅಷ್ಟಿಷ್ಟು ಕರಗಿಸಿಕೊಂಡು ಬೆಸೆದಿರುತ್ತದೆ. ಅರ್ದನ್‌ವೇರಿನಲ್ಲಿ ಗಡಿ ಚಾಕುವಿನಿಂದ ಕೊರೆದಷ್ಟು ಸ್ಪಷ್ಟ: ಮೇಲೆ ತೆಳು ಗಾಜು, ಕೆಳಗೆ ಪುಡಿಪುಡಿ ಮಣ್ಣು. ಎಷ್ಟೋ ಸಲ ಒಡಲು ಮುರಿಯದೆ ಗ್ಲೇಜು ಮಾತ್ರ ಚಕ್ಕೆ ಎದ್ದಿರುತ್ತದೆ. ಬಾಯಂಚಿನುದ್ದಕ್ಕೂ ಇಂಥ ಚಕ್ಕೆಗಳು ಎದ್ದಿದ್ದರೆ ಹೆಚ್ಚು ಯೋಚಿಸಬೇಕಾಗಿಲ್ಲ.

ತೊಗರ್ಸಿಯಿಂದ ಎರಡನೆಯ ಸಲ ಬಂದ ಫೋಟೊಗಳು ಚೆನ್ನಾಗಿದ್ದವು. ಸಂತೆಯ ಮಗ್ಗಿನ ತಳ ಬರಿದಾಗಿದ್ದು, ಉಂಗುರ ಬೂದುಗೆನೆ, ಪಕ್ಕದ ಜಾಡಿ ಚೂರಿಗೂ ಅದಕ್ಕೂ ವ್ಯತ್ಯಾಸ ಅಷ್ಟಕ್ಕಷ್ಟೆ. ಹಿಡಿಯ ಬುಡದಲ್ಲಿ ಸಣ್ಣ ಮುಕ್ಕಿತ್ತು, ಅದರಲ್ಲಿ ಬಿಗಿಯಾದ ತರಿ, ಕಂದು ಗ್ಲೇಜಿನ ದಪ್ಪ ಗೆರೆ. ಸ್ಟೋನ್‌ವೇರ್. ಉತ್ತರ ಪ್ರದೇಶದ ಖುರ್ಜಾದಂಥ ಊರುಗಳಿಂದ ಲಾರಿಗಟ್ಟಲೆ ಬಂದು ನಮ್ಮ ಜಾತ್ರೆ, ಸಂತೆಗಳಲ್ಲಿ ಹರಡುವ ದಪ್ಪ ಮಗ್‌ಗಳಲ್ಲಿ ಈ ಬಗೆಯವು ಸಾಕಷ್ಟು.

ಅಜ್ಜನ ಕಪ್ಪಿನ ಫೋಟೊವನ್ನು ನಾನು ಹೆಚ್ಚು ಹೊತ್ತು ನೋಡಿದೆ. ತಳ ಪೂರ್ತಿ ಗ್ಲೇಜು. ಮಾಸಿದ ನೀಲಿ ಮುದ್ರೆ, ಅಕ್ಷರ ಕೂಡುವುದಿಲ್ಲ. ಮುದ್ರೆಯ ಸುತ್ತ ಹುಡುಕಿದರೆ ಒಂದು ಗಾಯ, ಅದರಿಂದ ಅಳೆದರೆ ಇನ್ನೊಂದು, ಮೂರನೆಯದು ಕೊಳೆ ತುಂಬಿ ಚುಕ್ಕೆಯಂತಾಗಿದೆ. ಬಾಯಂಚಿನಲ್ಲಿ ಅಕ್ಕಿಕಾಳಿನಷ್ಟು ಮುಕ್ಕು. ಅದರ ಒಡಲು ಕೆಂಪಲ್ಲ, ಬಿಳಿಯೇ. ಈ ಕಾರಣಕ್ಕೇ ಮನೆಯವರು ಪೋರ್ಸಲಿನ್ ಎಂದು ನಂಬಿದ್ದು. ಆದರೆ ಪಕ್ಕದ ಫ್ಯೂಸಿನ ಚೂರಿನ ಬಿಳಿಗೂ ಇದರ ಬಿಳಿಗೂ ತಾಳೆಯಾಗುವುದಿಲ್ಲ. ಫ್ಯೂಸಿನದು ತಣ್ಣನೆಯ, ಹೊಳಪಿನ ಬಿಳಿ. ಇದು ಕೆನೆಗೆ ತಿರುಗಿದ, ಹೊಳಪಿಲ್ಲದ ಬಿಳಿ, ಮೇಲೆ ಗಾಜಿನ ಗೆರೆ ಬೇರೆಯೇ ಎದ್ದು ಕಾಣುತ್ತದೆ. ಮುಕ್ಕಿನಿಂದ ಒಳಗೆ ಗ್ಲೇಜಿನ ಅಡಿಯಲ್ಲಿ ಕಂದು ಬಣ್ಣ ಹಬ್ಬಿದೆ. ಬಿಳಿ ಜೇಡಿಯಿಂದ ಮಾಡಿದ ಅರ್ದನ್‌ವೇರ್ ಇದು. ಕೆಂಪಾಗಿದ್ದರೆ ಮಾತ್ರ ಮಣ್ಣು, ಬಿಳಿಯಾಗಿದ್ದರೆ ಪಿಂಗಾಣಿ ಎಂಬ ಲೆಕ್ಕ ತಪ್ಪುವುದು ಇಲ್ಲೇ.

ಸಂದೇಹ ಉಳಿಯಬಾರದೆಂದು ನೀರಿನ ಹನಿಯ ಪರೀಕ್ಷೆ ಮಾಡಿ ಎಂದೆ. ಒಣಗಿದ ಮುಕ್ಕಿನ ಮೇಲೆ ಕಡ್ಡಿಯ ತುದಿಯಿಂದ ಒಂದು ಹನಿ ಇಟ್ಟು ಫೋಟೊ, ಎರಡು ನಿಮಿಷ ಬಿಟ್ಟು ಒರೆಸಿ ಇನ್ನೊಂದು ಫೋಟೊ. ಗಾಜುಗಟ್ಟಿದ ಒಡಲಿನಲ್ಲಿ ಒರೆಸಿದ ಮೇಲೆ ಏನೂ ಉಳಿಯುವುದಿಲ್ಲ. ಅಜ್ಜನ ಕಪ್ಪಿನ ಎರಡನೆಯ ಫೋಟೊದಲ್ಲಿ ಹನಿ ಇದ್ದ ಜಾಗ ಗಾಢವಾಗಿತ್ತು, ಪಕ್ಕದ ಹೆಂಚಿನ ಚೂರಿನ ಮೇಲಿನ ಹನಿಯ ಗುರುತಿನಂತೆಯೇ. ಹನಿಯನ್ನು ಗ್ಲೇಜಿನ ಮೇಲೆ ಇಟ್ಟರೆ ಮೂರೂ ಜಾತಿ ಒಂದೇ ಉತ್ತರ ಕೊಡುತ್ತವೆ, ಅದಕ್ಕೇ ಬರಿ ಒಡಲಿನ ಮೇಲೇ ಇಡಬೇಕು. ಜಾಡಿ ಕೊಳ್ಳುವಾಗಲೂ ಇದೇ ಪರೀಕ್ಷೆ ತಳದಲ್ಲಿ ಮಾಡಬಹುದು. ಸರಿಯಾಗಿ ಬೇಯದ ಜಾಡಿಗೆ ಮಿಡಿ ಉಪ್ಪಿನಕಾಯಿ ತುಂಬಿಟ್ಟರೆ ಉಪ್ಪುನೀರು ಒಡಲಿನಲ್ಲಿ ಜಿನುಗಿ, ಕೆಲವು ತಿಂಗಳಲ್ಲಿ ಹೊರಗೆ ತಳದ ಸುತ್ತ ಬಿಳಿ ಉಪ್ಪಿನ ಹುಡಿ ಕಟ್ಟುತ್ತದೆ.

ಮದುವೆಯ ಕಪ್ಪು ಇವೆರಡಕ್ಕಿಂತ ತೊಡಕಿನದು. ತೆಳು, ಬಿಳಿ, ಮುಕ್ಕಿಲ್ಲ. ತಳದ ಉಂಗುರ ದುಂಡಗೆ, ಹೊಳೆಯುತ್ತಿದೆ, ಬರಿ ಜಾಗ ಎಲ್ಲೂ ಇಲ್ಲ, ಮೂರು ಗಾಯಗಳೂ ಇಲ್ಲ. ಹೀಗಿದ್ದರೆ ಈ ಮೂರೂ ಜಾತಿ ಬಿಟ್ಟು ಬೇರೆಯದನ್ನು ಯೋಚಿಸಬೇಕು. ಅಂಗಡಿಗಳಲ್ಲಿ ಈಗ ಡಿನ್ನರ್ ಸೆಟ್ಟಿನ ಹೆಸರಲ್ಲಿ ರಾಶಿ ಬಿದ್ದಿರುವ ಓಪಲ್ ಗಾಜು ಹೀಗೇ ಇರುತ್ತದೆ. ಅದು ಮಣ್ಣೇ ಅಲ್ಲ, ಅಚ್ಚಿನಲ್ಲಿ ಒತ್ತಿದ ಹಾಲುಬಿಳಿ ಗಾಜು. ಒಡಲು, ಗ್ಲೇಜು ಎಂದು ಎರಡಿಲ್ಲ, ಮುಕ್ಕಾದರೆ ಒಳಗೂ ಹೊರಗೂ ಅದೇ ಗಾಜು. ಕಪ್ಪಿನ ಹಿಂದೆ ಟಾರ್ಚ್ ಹಿಡಿದು, ಬೆರಳ ನೆರಳು ಕಾಣುತ್ತದೆಯೇ ನೋಡಿ ಎಂದು ಕೆಲವರು ಹೇಳುತ್ತಾರೆ. ತೆಳುವಾದ ಪೋರ್ಸಲಿನ್ನಿನಲ್ಲಿ ಕಾಣುತ್ತದೆ, ಓಪಲ್ ಗಾಜಿನಲ್ಲೂ ಕಾಣಬಹುದು, ದಪ್ಪ ಪೋರ್ಸಲಿನ್ನಿನಲ್ಲಿ ಕಾಣುವುದಿಲ್ಲ. ಆದ್ದರಿಂದ ನೆರಳು ಕಂಡರೆ ಅದು ಅರ್ದನ್‌ವೇರ್ ಅಲ್ಲ ಎನ್ನಬಹುದು, ಅಷ್ಟೆ.

ಅವರ ಮನೆಯಲ್ಲಿ ಇನ್ನೊಂದು ಆತಂಕವಿತ್ತು: ಅದು ಬೋನ್ ಚೈನಾ ಆಗಿದ್ದರೆ? ಸಸ್ಯಾಹಾರಿ ಮನೆಗಳಲ್ಲಿ ಈ ಪ್ರಶ್ನೆ ಬರುವುದು ಸಹಜ. ಬೋನ್ ಚೈನಾದ ಒಡಲಿನಲ್ಲಿ ಸುಟ್ಟ ಮೂಳೆಯ ಬೂದಿ ಸುಮಾರು ಅರ್ಧದಷ್ಟು ಇರುತ್ತದೆ. ಟಾರ್ಚಿನ ಬೆಳಕು ಅದರಲ್ಲಿ ಬೆಚ್ಚನೆಯ ಕೆನೆಯಾಗಿ ತೂರಿ ಬರುತ್ತದೆ, ಪೋರ್ಸಲಿನ್ನಿನಲ್ಲಿ ತುಸು ನೀಲಿ ಇಲ್ಲವೇ ಬೂದು. ಆದರೆ ಈ ಬಣ್ಣಭೇದವನ್ನು ಫೋನಿನ ಫೋಟೊದಲ್ಲಿ ನಂಬಲಾಗದು, ಟಾರ್ಚಿನ ಬಣ್ಣವೇ ಉತ್ತರ ಬದಲಿಸುತ್ತದೆ. ಇಲ್ಲಿ ಮಾತ್ರ ತಳದ ಮುದ್ರೆಯನ್ನೋ ಡಬ್ಬದ ಮೇಲಿನ ಬರಹವನ್ನೋ ನೋಡುವುದೇ ಸರಿ. ಬೋನ್ ಚೈನಾ ಮಾಡುವವರು ಬೆಲೆ ಹೆಚ್ಚು ಸಿಗಲೆಂದು ಆ ಹೆಸರನ್ನು ಸಾಮಾನ್ಯವಾಗಿ ಬರೆದೇ ಇರುತ್ತಾರೆ. ಇವರ ಕಪ್ಪಿನ ತಳದಲ್ಲಿ ಬರಹವಿಲ್ಲ, ಬರಿ ಉಂಗುರವೂ ಇಲ್ಲ, ಎರಡು ಬದಿಗೆ ಅಚ್ಚು ಕೂಡಿದ ಕೂದಲೆಳೆಯ ಗೆರೆ ಮಾತ್ರ ಇದೆ. ಹಾಗಾಗಿ ಓಪಲ್ ಗಾಜು ಎಂದು ಬರೆದು ಕಳಿಸಿದೆ.

ಅಜ್ಜನ ಕಪ್ಪಿಗೆ ಅಸಲಿ ಎಂಬ ಮಾತು ಒಪ್ಪುತ್ತದೋ ಇಲ್ಲವೋ ಎಂಬುದಕ್ಕಿಂತ ಅದನ್ನು ಹೇಗೆ ಬಳಸುವುದು ಎಂಬುದು ಮುಖ್ಯ. ಮುಕ್ಕಿನಿಂದ ಅದು ನೀರು ಕುಡಿಯುತ್ತಿದೆ. ತೊಳೆಯುವ ನೀರಿನಲ್ಲಿ ರಾತ್ರಿಯಿಡೀ ನೆನೆಸಬಾರದು. ಮೈಕ್ರೊವೇವ್‌ನಲ್ಲಿ ಇಟ್ಟರೆ ಒಡಲು ಹೀರಿದ ನೀರು ಕಾದು, ಒಳಗಿನ ಹಾಲಿಗಿಂತ ಕಪ್ಪೇ ಬಿಸಿಯಾಗುತ್ತದೆ. ಹಳೆಯ ಕಡಿಮೆ ಶಾಖದ ಗ್ಲೇಜುಗಳಲ್ಲಿ ಸೀಸ ಬಳಸುತ್ತಿದ್ದದ್ದು ಉಂಟು. ಸೀಸ ಇದೆಯೋ ಇಲ್ಲವೋ ಎಂಬುದನ್ನು ಯಾವ ಫೋಟೊವೂ ಹೇಳದು, ಪ್ರಯೋಗಾಲಯವೇ ಹೇಳಬೇಕು. ಹುಳಿ ತಗುಲಿದರೆ ಸೀಸ ಹೆಚ್ಚು ಬಿಡುವುದರಿಂದ ಮಜ್ಜಿಗೆ, ನಿಂಬೆ ಶರಬತ್ತು, ಹುಣಸೆಯ ಸಾರು ಅದರಲ್ಲಿ ಬೇಡ. ಸಂತೆಯ ಮಗ್ಗಿನಲ್ಲಿ ಚಹಾ ಕುಡಿಯಲಿ, ಅಜ್ಜನ ಕಪ್ಪನ್ನು ಗಾಜಿನ ಬೀರುವಿನಲ್ಲಿ ಇಡಲಿ. ಬಸಿ ಎಲ್ಲಾದರೂ ಉಳಿದಿದ್ದರೆ ಅದರ ತಳದ ಫೋಟೊವನ್ನೂ ಕಳಿಸಲಿ, ಮುದ್ರೆ ಅಲ್ಲಿ ಸ್ಪಷ್ಟವಾಗಿ ಬಿದ್ದಿರಬಹುದು.